ರಿಕವರಿ ಲೆಕ್ಕ ಬದಲಾಗಿದೆ ಅಂತ ಮೆಮೊ ಬರೆಯೋದು ಹೇಗೆ?

ಪ್ರಶ್ನೆ: ಕಲಬುರಗಿಯ ಒಂದು ದಾಲ್ ಮಿಲ್ ಆಫೀಸಿನಲ್ಲಿದ್ದೇನೆ. ಬೇಳೆ ರಿಕವರಿ ಲೆಕ್ಕ ಹಾಕುವ ರೀತಿಯನ್ನು ಮಾಲೀಕರು ಬದಲಾಯಿಸಿದ್ದಾರೆ. ಮೊದಲು ಸ್ವಚ್ಛ ಮಾಡಿದ ತೊಗರಿಯ ಮೇಲೆ ಲೆಕ್ಕ ಹಾಕ್ತಿದ್ವಿ, ನುಚ್ಚೂ ಸೇರ್ತಿತ್ತು. ಈಗ ಗೇಟ್ ತೂಕದ ಮೇಲೆ, ನುಚ್ಚು ಬಿಟ್ಟು. ಹಳೆ ತಿಂಗಳ ಅಂಕಿಯೂ ತಿದ್ದಬೇಕು. ಜಗಳ ಆಗದ ಹಾಗೆ ಮೆಮೊ ಹೇಗೆ ಬರೆಯಲಿ?

ಉತ್ತರ:

ನಾನೂ ಇದೇ ಊರಲ್ಲಿ, ಕಪನೂರು ಕಡೆ ಒಂದು ಮಿಲ್‌ನ ಲೆಕ್ಕ ನೋಡಿಕೊಳ್ಳುತ್ತೇನೆ. ಇಂಥ ಮೆಮೊ ಹೋದ ದಿನ ಮೇಸ್ತ್ರಿ ಕೇಳುವ ಪ್ರಶ್ನೆ ಒಂದೇ. "ಏನ್ರೀ, ಹೋದ ತಿಂಗಳ ಎಪ್ಪತ್ತೇಳಿತ್ತು, ಈಗ ಎಪ್ಪತ್ತಂತೀರಿ, ಉಳಿದ ಬ್ಯಾಳಿ ಎಲ್ಲಿ ಹೋತ್ರೀ?" ಇದಕ್ಕೆ ಉತ್ತರ ಮೆಮೊದ ಮೊದಲ ಎರಡು ಸಾಲಿನಲ್ಲೇ ಇರಬೇಕು. ಮಾಲೀಕರು ಯಾಕೆ ಬದಲಾಯಿಸಿದರು ಅನ್ನೋದನ್ನ ಆಮೇಲೆ ಹೇಳಿದರೆ ನಡೆಯುತ್ತದೆ.

ಒಂದು ತಿಂಗಳ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಿ. ಸುಲಭವಾಗಲಿ ಅಂತ ನಾನು ದುಂಡು ಅಂಕಿ ತಗೊಳ್ತೀನಿ, ನೀವು ನಿಮ್ಮ ಅಂಕಿ ಹಾಕಿ. ಜನವರಿಯಲ್ಲಿ ಗೇಟ್‌ನಲ್ಲಿ ತೂಗಿದ್ದು 1,000 ಕ್ವಿಂಟಲ್ ತೊಗರಿ. ಕಸ, ಕಲ್ಲು, ಮಣ್ಣು, ಜೊಳ್ಳು ತೆಗೆದ ಮೇಲೆ ಉಳಿದದ್ದು 960. ಬೇಳೆ ಬಂದದ್ದು 700, ನುಚ್ಚು 40. ಹಳೆ ಲೆಕ್ಕದಲ್ಲಿ 740 ಅನ್ನು 960ರಿಂದ ಭಾಗಿಸಿದರೆ ಶೇ. 77.1. ಹೊಸ ಲೆಕ್ಕದಲ್ಲಿ 700 ಅನ್ನು 1,000ದಿಂದ ಭಾಗಿಸಿದರೆ ಶೇ. 70.

ಇಲ್ಲಿಗೇ ನಿಲ್ಲಿಸಬೇಡಿ. ಒಟ್ಟು 7.1 ಪಾಯಿಂಟ್ ಇಳಿಯಿತು ಅಂತ ಬರೆದರೆ ಯಾರಿಗೂ ಏನೂ ತಿಳಿಯಲ್ಲ, ಯಾಕೆಂದರೆ ನೀವು ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿದ್ದೀರಿ. ಮೊದಲು ಕೆಳಗಿನ ಅಂಕಿ ಮಾತ್ರ ಬದಲಾಯಿಸಿ, ಅಂದರೆ 740 ಅನ್ನು 1,000ದಿಂದ ಭಾಗಿಸಿ. ಶೇ. 74 ಬರುತ್ತದೆ. ಗೇಟ್ ತೂಕಕ್ಕೆ ಹೋಗಿದ್ದರಿಂದ ಇಳಿದದ್ದು 3.1 ಪಾಯಿಂಟ್. ಆಮೇಲೆ ನುಚ್ಚು ತೆಗೆಯಿರಿ, ಶೇ. 70. ಅದರಿಂದ ಇಳಿದದ್ದು 4 ಪಾಯಿಂಟ್. ಈಗ ಖರೀದಿಯವರಿಗೂ ಗೊತ್ತಾಯಿತು, ಮಷಿನ್ ಮೇಲಿರುವವರಿಗೂ ಗೊತ್ತಾಯಿತು, ಯಾವುದು ಯಾರ ಕಡೆಯದು ಅಂತ.

ಇದರಲ್ಲಿ ಒಂದು ಸಣ್ಣ ತೊಡಕಿದೆ. ನುಚ್ಚನ್ನೇ ಮೊದಲು ತೆಗೆದು ಆಮೇಲೆ ಗೇಟ್ ತೂಕಕ್ಕೆ ಹೋದರೆ ಭಾಗಗಳು ಬೇರೆ ಬರುತ್ತವೆ, 4.2 ಮತ್ತು 2.9. ಒಟ್ಟು ಅದೇ 7.1. ಎರಡೂ ಸರಿಯೇ. ಆದರೆ ಒಬ್ಬರು ಒಂದು ಕ್ರಮದಲ್ಲಿ, ಇನ್ನೊಬ್ಬರು ಇನ್ನೊಂದು ಕ್ರಮದಲ್ಲಿ ಲೆಕ್ಕ ಹಾಕಿ "ನಿಮ್ಮ ಲೆಕ್ಕ ತಪ್ಪು" ಅಂತ ವಾದಕ್ಕೆ ನಿಲ್ಲುತ್ತಾರೆ. ಅದಕ್ಕೆ ಯಾವ ಕ್ರಮ ಅಂತ ಮೆಮೊದಲ್ಲೇ ಬರೆದು, ಎಲ್ಲ ತಿಂಗಳಿಗೂ ಅದನ್ನೇ ಹಿಡಿಯಿರಿ. ಹಾಗೇ "ಶೇ. 7 ಇಳಿಯಿತು" ಅನ್ನಬೇಡಿ, "7.1 ಪಾಯಿಂಟ್" ಅನ್ನಿ. 77.1ರಿಂದ 70ಕ್ಕೆ ಬಂದರೆ ಶೇಕಡಾ ಲೆಕ್ಕದಲ್ಲಿ ಅದು ಒಂಬತ್ತಕ್ಕಿಂತ ಜಾಸ್ತಿ ಇಳಿಕೆ, ಅಲ್ವಾ?

ಇನ್ನು ನನಗೆ ಮುಖ್ಯ ಅನಿಸೋದು ಬೇರೆ. ಅಂಕಿ ಕೆಳಗೆ ಬಂದದ್ದಕ್ಕಿಂತ, ತಿಂಗಳು ತಿಂಗಳಿಗೂ ಇದ್ದ ವ್ಯತ್ಯಾಸ ಹೇಗೆ ಬದಲಾಯಿತು ಅನ್ನೋದು. ಫೆಬ್ರವರಿಯಲ್ಲಿ ಮಣ್ಣು ಜಾಸ್ತಿ ಇರುವ ಮಾಲು ಬಂತು ಅಂತಿಟ್ಟುಕೊಳ್ಳಿ. ಗೇಟ್‌ನಲ್ಲಿ ಅದೇ 1,000, ಸ್ವಚ್ಛ ಮಾಡಿದ ಮೇಲೆ 920, ಬೇಳೆ 672, ನುಚ್ಚು 36. ಹಳೆ ಲೆಕ್ಕದಲ್ಲಿ ಇದು ಶೇ. 77. ಜನವರಿಗೂ ಫೆಬ್ರವರಿಗೂ ಹೆಚ್ಚು ಕಡಿಮೆ ಒಂದೇ. ಹೊಸ ಲೆಕ್ಕದಲ್ಲಿ ಶೇ. 67.2, ಅಂದರೆ ಜನವರಿಗಿಂತ 2.8 ಪಾಯಿಂಟ್ ಕಡಿಮೆ. ಹಳೆ ಲೆಕ್ಕಕ್ಕೆ ಕಸ ಕಾಣುತ್ತಲೇ ಇರಲಿಲ್ಲ, ಸ್ವಚ್ಛ ಮಾಡಿದ ಮೇಲೆ ತೂಗುತ್ತಿದ್ದರಲ್ಲ. "ಎರಡೂ ತಿಂಗಳು ಒಂದೇ ಇದೆ" ಅಂತ ಯಾರಾದರೂ ಮೀಟಿಂಗ್‌ನಲ್ಲಿ ಹೇಳಿದ್ದರೆ ಆ ಮಾತು ಈಗ ನಿಲ್ಲಲ್ಲ. ಅದನ್ನ ಮೆಮೊದಲ್ಲಿ ನೇರವಾಗಿ ಬರೆಯಿರಿ, ನೆಹರು ಗಂಜ್‌ನಲ್ಲಿ ಖರೀದಿಗೆ ನಿಲ್ಲುವವರು ತಾವೇ ಕಂಡುಹಿಡಿದು ಸಿಟ್ಟಾಗುವ ಮುಂಚೆ.

ಹಳೆ ತಿಂಗಳುಗಳನ್ನು ತಿದ್ದುವ ಮೊದಲು ಒಂದು ಕೆಲಸ ಮಾಡಲೇಬೇಕು. ಗೇಟ್ ಚೀಟಿ, ಕ್ಲೀನಿಂಗ್ ರಿಜಿಸ್ಟರ್, ಉತ್ಪಾದನೆಯ ಪುಸ್ತಕ ಇಟ್ಟುಕೊಂಡು ಹಳೆ ರೀತಿಯಲ್ಲೇ ಇನ್ನೊಮ್ಮೆ ಲೆಕ್ಕ ಹಾಕಿ. ಆಗ ಹೊರಗೆ ಕೊಟ್ಟಿದ್ದ ಹಳೆ ಅಂಕಿಯೇ ಬರಬೇಕು. ಕೊಟ್ಟಿದ್ದು 77.1, ಈಗ ಬಂದದ್ದು 76.4 ಅಂದರೆ, ಆ 0.7ಕ್ಕೂ ಹೊಸ ಲೆಕ್ಕಕ್ಕೂ ಸಂಬಂಧ ಇಲ್ಲ. ಯಾವುದೋ ಲಾಟ್ ತಡವಾಗಿ ಬರೆದಿರಬಹುದು, ತೂಕ ಎರಡು ಸಲ ಸೇರಿರಬಹುದು. ಅದನ್ನ "ದಾಖಲೆ ತಿದ್ದುಪಡಿ" ಅಂತ ಬೇರೆ ಸಾಲಿನಲ್ಲಿ ತೋರಿಸಿ. ಹೊಸ ಲೆಕ್ಕದ ಸೆರಗಿನಲ್ಲಿ ಹಳೆ ತಪ್ಪು ಮುಚ್ಚಿಟ್ಟರೆ ಒಂದಲ್ಲ ಒಂದು ದಿನ ಆಡಿಟರ್ ಕೈಗೆ ಸಿಗುತ್ತದೆ, ಆಮೇಲೆ ಸರಿಯಾಗಿದ್ದ ಭಾಗವನ್ನೂ ಯಾರೂ ನಂಬಲ್ಲ.

ಎಷ್ಟು ಹಿಂದಕ್ಕೆ ಹೋಗಬೇಕು? ನುಚ್ಚನ್ನು ಬೇರೆ ತೂಗಿ ಬರೆದಿಟ್ಟ ತಿಂಗಳವರೆಗೆ ಮಾತ್ರ. ಅದಕ್ಕೂ ಹಿಂದೆ ಅಂದಾಜು ಹಾಕಬೇಡಿ, ಖಾಲಿ ಬಿಡಿ, ಚಾರ್ಟ್‌ನಲ್ಲಿ ಅಲ್ಲಿಗೊಂದು ಅಡ್ಡಗೆರೆ ಎಳೆಯಿರಿ. ಇನ್ನೊಂದು, ಬದಲಾಗದೇ ಇರುವ ನಿಯಮವನ್ನೂ ಬರೆಯಿರಿ. ನಮ್ಮಲ್ಲಿ ತೊಗರಿಗೆ ಎಣ್ಣೆ, ನೀರು ಹಚ್ಚಿ ಬಿಸಿಲಿಗೆ ಹಾಕಿದರೆ ಒಣಗೋಕೆ ದಿನಗಟ್ಟಲೆ ಬೇಕು, ಜನವರಿಯ ಲಾಟ್ ಫೆಬ್ರವರಿಯಲ್ಲಿ ಮುಗಿಯುತ್ತದೆ. ಲಾಟ್ ಮುಗಿದ ತಿಂಗಳಿಗೇ ಒಳಗೆ ಬಂದ ತೂಕವನ್ನೂ ಸೇರಿಸುತ್ತೀರಿ ಅಂತಾದರೆ ಹಾಗೇ ಬರೆಯಿರಿ. ಇಲ್ಲದಿದ್ದರೆ ಸುಮ್ನೆ ಗೊಂದಲ.

ಮೆಮೊದ ಆರಂಭ ಸುಮಾರು ಹೀಗಿರಲಿ:

"ಏಪ್ರಿಲ್ 1ರಿಂದ ರಿಕವರಿ ಅಂದರೆ ನುಚ್ಚು ಬಿಟ್ಟು ಬಂದ ಬೇಳೆಯ ತೂಕವನ್ನು ಗೇಟ್ ತೂಕದಿಂದ ಭಾಗಿಸಿದ್ದು. ಜನವರಿಯ ಅಂಕಿ ಶೇ. 77.1ರಿಂದ ಶೇ. 70 ಆಗುತ್ತದೆ. ಇದರಲ್ಲಿ 3.1 ಪಾಯಿಂಟ್ ಗೇಟ್ ತೂಕದಿಂದ, 4 ಪಾಯಿಂಟ್ ನುಚ್ಚು ಬಿಟ್ಟಿದ್ದರಿಂದ. ಬೇಳೆ ಒಂದು ಕಿಲೋ ಕೂಡ ಕಡಿಮೆಯಾಗಿಲ್ಲ. ಸ್ಟಾಕ್, ಮಾರಾಟದ ಬಿಲ್, ಕೊಟ್ಟಾಗಿರುವ ಇನಾಮು, ಇವು ಯಾವುದೂ ಬದಲಾಗುವುದಿಲ್ಲ."

ಕೊನೆಯದಾಗಿ ಟಾರ್ಗೆಟ್. ಮಷಿನ್ ಕಡೆಯವರಿಗೆ 76 ದಾಟಿದರೆ ಇನಾಮು ಅಂತ ಇದ್ದರೆ, ಅದರಿಂದ 7 ಕಳೆದು 69 ಅಂತ ಇಡಬೇಡಿ. ಜನವರಿಯಲ್ಲಿ ಅಂತರ 7.1, ಫೆಬ್ರವರಿಯಲ್ಲಿ 9.8. ಮಾಲಿನಲ್ಲಿ ಮಣ್ಣು ಹೆಚ್ಚಿದಷ್ಟೂ ಅಂತರ ಹಿಗ್ಗುತ್ತದೆ, ಅದು ಅವರ ಕೈಯಲ್ಲಿಲ್ಲ. ನನ್ನನ್ನು ಕೇಳಿದರೆ ಅವರ ಇನಾಮಿಗೆ ಸ್ವಚ್ಛ ತೊಗರಿಯ ಮೇಲಿನ ಲೆಕ್ಕವನ್ನೇ ಬೇರೆ ಹೆಸರಿಟ್ಟು ಉಳಿಸಿಕೊಳ್ಳಿ, "ಮಷಿನ್ ರಿಕವರಿ" ಅಂತಲೋ ಏನೋ. ಮಾಲೀಕರು ಒಪ್ಪದಿದ್ದರೆ, ಹೊಸ ಟಾರ್ಗೆಟ್ ಯಾವ ತಿಂಗಳುಗಳ ತಿದ್ದಿದ ಅಂಕಿಯಿಂದ ಬಂತು ಅನ್ನೋದನ್ನಾದರೂ ಮೆಮೊಗೆ ಲಗತ್ತಿಸಿ ಕೊಡಿ.