ಲಾಗ್ ಟೇಬಲ್‌ನಲ್ಲಿ ಇಲ್ಲದ ಸಂಖ್ಯೆ

"ಕ್ಯಾಲ್ಕುಲೇಟರ್ ಬರುವ ಮುಂಚೆ ಲಾಗ್ ಟೇಬಲ್ ನೋಡಿ ಲೆಕ್ಕ ಮಾಡ್ತಿದ್ರಂತೆ. ಟೇಬಲ್‌ನಲ್ಲಿ ಎಲ್ಲಾ ಸಂಖ್ಯೆನೂ ಇರೋಕೆ ಆಗಲ್ಲ ಅಲ್ವಾ? ಇಲ್ಲದ ಸಂಖ್ಯೆ ಬಂದ್ರೆ ಏನು ಮಾಡ್ತಿದ್ರಿ?"

ಅಕ್ಕಪಕ್ಕದ ಎರಡು ಸಂಖ್ಯೆಗಳ ಲಾಗ್ ತೆಗೆದುಕೊಂಡು, ನಡುವಿನದ್ದನ್ನು ಪಾಲು ಹಾಕಿ ಹಿಡಿಯುತ್ತಿದ್ದೆವು. ಪಿಯುಸಿಯಲ್ಲಿ ನಮ್ಮ ಕೈಯಲ್ಲಿದ್ದದ್ದು ನಾಲ್ಕು ಅಂಕಿಯ ಟೇಬಲ್. ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ.

23.47 ಲೀಟರ್ ಹಿಡಿಯುವ ಒಂದು ಡಬ್ಬ ಇದೆ, ಉದ್ದ ಅಗಲ ಎತ್ತರ ಮೂರೂ ಒಂದೇ. ಅದರ ಒಂದು ಬದಿ ಎಷ್ಟು? ಮೀಟರ್ ಲೆಕ್ಕದಲ್ಲಿ 0.02347 ರ ಘನಮೂಲ ಬೇಕು. ಮೊದಲು ಚುಕ್ಕಿಯನ್ನು ಮರೆತು 2347 ಅಂತ ಓದಿಕೊಳ್ಳಿ. ಟೇಬಲ್‌ನಲ್ಲಿ 23 ರ ಸಾಲಿಗೆ ಹೋಗಿ, 4 ರ ಕಂಬದಲ್ಲಿ ನೋಡಿದರೆ 3692. ಅದರ ಪಕ್ಕದಲ್ಲೇ 5 ರ ಕೆಳಗೆ 3711. ಅಂದರೆ 234 ರಿಂದ 235 ಕ್ಕೆ ಹೋಗುವಾಗ ಲಾಗ್ 19 ಏರುತ್ತದೆ. ನಮ್ಮದು ಹತ್ತರಲ್ಲಿ ಏಳು ಭಾಗ ದಾರಿ ನಡೆದ ಸಂಖ್ಯೆ. 19 ರಲ್ಲಿ ಹತ್ತನೇ ಏಳು ಭಾಗ ಅಂದರೆ 13.3, ಸುಮಾರು 13. ಅದನ್ನು ಕೂಡಿಸಿದರೆ 3705. ಇಷ್ಟೇ.

ಈ ಗುಣಾಕಾರವನ್ನೂ ನೀವು ಮಾಡಬೇಕಾಗಿಲ್ಲ. ಸಾಲಿನ ಬಲ ತುದಿಯಲ್ಲಿ ಮೀನ್ ಡಿಫರೆನ್ಸ್ ಅಂತ ಒಂಬತ್ತು ಸಣ್ಣ ಅಂಕಿಗಳಿರುತ್ತವೆ. 23 ರ ಸಾಲಿನಲ್ಲಿ ಏಳನೆಯದು 13. ಯಾರೋ ಮೊದಲೇ ಪಾಲು ಹಾಕಿ ಇಟ್ಟಿದ್ದಾರೆ, ನಾವು ಬೆರಳಿಟ್ಟು ಓದಿ ಕೂಡಿಸಿದರೆ ಸಾಕು. ಸ್ಕೇಲ್ ಇಡದೆ ಬರಿಗಣ್ಣಲ್ಲಿ ಓದಿದರೆ ಮಾತ್ರ ಕೆಳಗಿನ ಸಾಲಿಗೆ ಜಾರುವುದು ಗ್ಯಾರಂಟಿ!

ಹೀಗೆ ಪಾಲು ಹಾಕುವಾಗ, ಎರಡು ಸಂಖ್ಯೆಗಳ ನಡುವೆ ಲಾಗ್ ನೇರ ಗೆರೆಯಂತೆ ಏರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಿಜಕ್ಕೂ ಅದು ಬಾಗಿದ ಗೆರೆ, ಮುಂದೆ ಹೋದಂತೆ ಏರಿಕೆ ಕಮ್ಮಿಯಾಗುತ್ತದೆ. 1 ಮತ್ತು 2 ರ ಲಾಗ್ ಮಾತ್ರ ಇಟ್ಟುಕೊಂಡು 1.5 ಕ್ಕೆ ಪಾಲು ಹಾಕಿದರೆ 0.1505 ಬರುತ್ತದೆ. ಸರಿಯಾದ ಉತ್ತರ 0.1761. ಟೇಬಲ್‌ನಲ್ಲಿ ಅಂತರ ಇದರ ನೂರನೇ ಒಂದು ಭಾಗ, ಅದಕ್ಕೇ ಬಾಗು ನಾಲ್ಕನೇ ಅಂಕಿಗೆ ತಟ್ಟುವುದಿಲ್ಲ.

ಆದರೆ ಟೇಬಲ್‌ನ ಮೊದಲ ಸಾಲುಗಳಲ್ಲಿ ಮೀನ್ ಡಿಫರೆನ್ಸ್ ಕೈಕೊಡುತ್ತದೆ. 10 ರ ಸಾಲಿನ ಶುರುವಿನಲ್ಲಿ ಒಂದು ಹೆಜ್ಜೆಗೆ ಏರಿಕೆ 43, ಕೊನೆಯಲ್ಲಿ 40. ಇಡೀ ಸಾಲಿಗೆ ಒಂದೇ ಸರಾಸರಿ ಹಿಡಿದರೆ 1.009 ಕ್ಕೆ 0.0037 ಬರುತ್ತದೆ, ಬರಬೇಕಾದ್ದು 0.0039. ಇದಕ್ಕೇ ಎಷ್ಟೋ ಟೇಬಲ್‌ಗಳಲ್ಲಿ 10 ರಿಂದ 19 ರವರೆಗಿನ ಸಾಲುಗಳಿಗೆ ಮೀನ್ ಡಿಫರೆನ್ಸ್ ಎರಡೆರಡು ಸಾಲು ಇರುತ್ತದೆ, ಮೊದಲರ್ಧಕ್ಕೆ ಒಂದು, ಉಳಿದರ್ಧಕ್ಕೆ ಒಂದು. ನಾನಂತೂ ಅಲ್ಲಿ ಅದನ್ನು ನಂಬುತ್ತಿರಲಿಲ್ಲ. ಪಕ್ಕದ ಎರಡು ಅಂಕಿ ಕಳೆದು, ನಾನೇ ಪಾಲು ಹಾಕುತ್ತಿದ್ದೆ.

ಇನ್ನು ಡಬ್ಬಕ್ಕೆ ಬರೋಣ. 0.02347 ರಲ್ಲಿ ಚುಕ್ಕಿ ಆದ ಮೇಲೆ ಒಂದು ಸೊನ್ನೆ ಇದೆ, ಹಾಗಾಗಿ ಕ್ಯಾರೆಕ್ಟರಿಸ್ಟಿಕ್, ಅಂದರೆ ಲಾಗ್‌ನಲ್ಲಿ ಚುಕ್ಕಿಯ ಹಿಂದಿನ ಭಾಗ, ಬಾರ್ ಎರಡು. ಲಾಗ್ 2̄.3705 ಅಂತ ಬರೆಯಬೇಕು. ಇಲ್ಲಿ ಮೈನಸ್ ಆಗಿರುವುದು 2 ಮಾತ್ರ, .3705 ಪ್ಲಸ್ಸೇ. ಘನಮೂಲ ಬೇಕಾದರೆ ಈ ಲಾಗ್ ಅನ್ನು ಮೂರರಿಂದ ಭಾಗಿಸಬೇಕು. ಒಂದು ಟೆಸ್ಟ್‌ನಲ್ಲಿ ನಾನು ಇದನ್ನು ಮರೆತು, ಒಟ್ಟಿಗೆ ಮೈನಸ್ 2.3705 ಅಂತ ಹಿಡಿದು ಮೂರರಿಂದ ಭಾಗಿಸಿದೆ. ಉತ್ತರ 0.162 ಬಂತು. ನೀಟಾಗಿ ಅಡಿಗೆರೆ ಎಳೆದು ಕೊಟ್ಟುಬಂದೆ. ಸೊನ್ನೆ.

ಮಾಡಬೇಕಾದ್ದು ಹೀಗೆ. ಬಾರ್ ಎರಡು ಮೂರರಿಂದ ಸರಿಯಾಗಿ ಭಾಗವಾಗುವುದಿಲ್ಲ. ಅದಕ್ಕೆ ಇನ್ನೊಂದು ಮೈನಸ್ ಸೇರಿಸಿ ಬಾರ್ ಮೂರು ಮಾಡಿ, ಆ ಒಂದನ್ನು ಈ ಕಡೆ ಕೂಡಿಸಿ: 3̄ + 1.3705. ಈಗ ಮೂರರಿಂದ ಭಾಗಿಸಿದರೆ 1̄.4568. ಲಾಗ್‌ನಿಂದ ಸಂಖ್ಯೆಗೆ ವಾಪಸ್ ಬರಲು ಆಂಟಿಲಾಗ್ ಟೇಬಲ್ ನೋಡಬೇಕು. ಅದರಲ್ಲಿ .45 ರ ಸಾಲು, 6 ರ ಕಂಬ: 2858. ಮೀನ್ ಡಿಫರೆನ್ಸ್ 8 ಕ್ಕೆ 5. ಕೂಡಿಸಿದರೆ 2863. ಬಾರ್ ಒಂದು ಇರುವುದರಿಂದ 0.2863 ಮೀಟರ್, ಅಂದರೆ 28.63 ಸೆಂಟಿಮೀಟರ್.

ಲಾಗ್‌ನ ನಾಲ್ಕನೇ ಅಂಕಿ ಒಂದು ಹೆಚ್ಚುಕಮ್ಮಿಯಾದರೆ ಉತ್ತರದಲ್ಲಿ ಹತ್ತು ಸಾವಿರಕ್ಕೆ ಎರಡು ಮೂರರಷ್ಟು ವ್ಯತ್ಯಾಸ. ಡಬ್ಬದ ಮಟ್ಟಿಗೆ ಅದು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಮ್ಮಿ, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಾರ್ ತಪ್ಪಿದರೆ ಡಬ್ಬವೇ ಬೇರೆ. ಹಿಡಿಯುವ ಉಪಾಯ ಸುಲಭ: 0.3 ನ್ನು ಮೂರು ಸಲ ಗುಣಿಸಿದರೆ 0.027, ಹಾಗಾಗಿ ಉತ್ತರ 0.3 ಕ್ಕಿಂತ ಸ್ವಲ್ಪವೇ ಕಮ್ಮಿ ಇರಬೇಕು. ಆವತ್ತು ಉತ್ತರ ಪತ್ರಿಕೆಯ ಮೂಲೆಯಲ್ಲಿ ಇಷ್ಟು ಗೀಚಿದ್ದರೂ ನನ್ನ 0.162 ಅಲ್ಲೇ ಸಿಕ್ಕಿಬೀಳುತ್ತಿತ್ತು.