ಸೋಲಾರ್ ಬ್ಯಾಟರಿಗೆ ನಾಲ್ಕು ಎಲ್ಇಡಿ: ರೆಸಿಸ್ಟರ್ ಬೇಕಾ?

"ಶಿರಸಿ ಹತ್ತಿರ ನಮ್ಮ ಮನೆ. ಕೊಟ್ಟಿಗೆಗೆ 12 ವೋಲ್ಟ್ ಸೋಲಾರ್ ಬ್ಯಾಟರಿಯಿಂದ ದೀಪ ಮಾಡುತ್ತಿದ್ದೇನೆ. ಬಿಳಿ ಎಲ್ಇಡಿ ಒಂದಕ್ಕೆ 3 ವೋಲ್ಟ್, ನಾಲ್ಕನ್ನು ಒಂದರ ಹಿಂದೆ ಒಂದು ಜೋಡಿಸಿದರೆ 12 ಆಯ್ತು. ಮತ್ತೆ ರೆಸಿಸ್ಟರ್ ಯಾಕೆ?"

ಭಾವ, ಲೆಕ್ಕ ಚೆಂದ ಇದೆ, ಆದರೆ ನಿಮ್ಮ ಬ್ಯಾಟರಿ 12ರಲ್ಲೇ ನಿಲ್ಲುವುದಿಲ್ಲ. ಒಳ್ಳೆ ಬಿಸಿಲಲ್ಲಿ ಚಾರ್ಜ್ ಆಗುವಾಗ ಮೀಟರ್ ಹಿಡಿದು ನೋಡಿ, 14.4ರ ತನಕ ಹೋಗುತ್ತದೆ. ಆಷಾಢದ ಮಳೆ ಹಿಡಿದು ಬಿಸಿಲೇ ಕಾಣದಿದ್ದರೆ 11.5ಕ್ಕೆ ಇಳಿದಿರುತ್ತದೆ. ನಾಲ್ಕು ಹಾಕಿದರೆ ಬಿಸಿಲ ದಿನ ಒಂದೊಂದಕ್ಕೂ 3.6 ವೋಲ್ಟ್ ಬೀಳುತ್ತದೆ, ಮಳೆಯ ದಿನ 2.9 ಕೂಡ ಸಿಗುವುದಿಲ್ಲ.

ಅರ್ಧ ವೋಲ್ಟ್ ಹೆಚ್ಚಾದರೆ ಏನಾಯ್ತು ಅನಿಸಬಹುದು. ಹಳೇ ಬಲ್ಬಿಗಾದರೆ ಏನೂ ಆಗುತ್ತಿರಲಿಲ್ಲ. ಎಲ್ಇಡಿ ಹಾಗಲ್ಲ, 3 ವೋಲ್ಟ್ ದಾಟಿದ ಮೇಲೆ ಸ್ವಲ್ಪ ವೋಲ್ಟೇಜ್ ಏರಿದರೂ ಕರೆಂಟ್ ಎರಡು ಮೂರು ಪಟ್ಟು ಜಿಗಿಯುತ್ತದೆ. ಬಿಸಿಯಾದಷ್ಟೂ ಇನ್ನೂ ಜಾಸ್ತಿ ಎಳೆಯುತ್ತದೆ. ಕೂಡಲೇ ಸುಡದೇ ಇರಬಹುದು, ಬೆಳಕು ನೀಲಿಗೆ ತಿರುಗಿ ದಿನ ಕಳೆದಂತೆ ಮಂಕಾದರೆ ಕಾರಣ ಇದೇ ಇರಬೇಕು ಅಂದುಕೊಳ್ಳಿ.

ಅದಕ್ಕೇ ಮೂರೇ ಎಲ್ಇಡಿ ಹಾಕಿ, ಉಳಿದ ವೋಲ್ಟೇಜನ್ನು ರೆಸಿಸ್ಟರ್ ಹೊರಲಿ. ಒಂದಕ್ಕೆ 3.1ರಂತೆ ಮೂರಕ್ಕೆ 9.3. ಲೆಕ್ಕ ಹಾಕುವುದು 12ಕ್ಕಲ್ಲ, ಬ್ಯಾಟರಿ ಏರುವ ಮೇಲಿನ ತುದಿಗೆ. 5 ಮಿ.ಮೀ. ಎಲ್ಇಡಿಗೆ 20 ಮಿಲಿಆಂಪ್ ಮಿತಿ:

```
(14.4 - 9.3) / 0.020 = 255
```

255 ಓಮ್ ಅಂಗಡಿಯಲ್ಲಿ ಸಿಗುವುದಿಲ್ಲ, ಅದಕ್ಕಿಂತ ಮೇಲಿನ 270 ತೆಗೆದುಕೊಳ್ಳಿ. ಕೆಂಪು, ನೇರಳೆ, ಕಂದು ಪಟ್ಟಿ ಇರುತ್ತದೆ. ಆಗ ಬಿಸಿಲಲ್ಲಿ ಸುಮಾರು 19 ಮಿಲಿಆಂಪ್, 12ಕ್ಕೆ ಬಂದಾಗ ಸುಮಾರು 10. ಬೆಳಕು ಸ್ವಲ್ಪ ಕಡಿಮೆ ಆಗುತ್ತದೆ ನಿಜ, ಹಾಲು ಕರೆಯುವಾಗ ಅದು ಗೊತ್ತೇ ಆಗುವುದಿಲ್ಲ. ರೆಸಿಸ್ಟರ್‌ನಲ್ಲಿ 0.1 ವ್ಯಾಟ್ ಖರ್ಚು, ಹಾಗಾಗಿ ಕಾಲು ವ್ಯಾಟಿನದು ಸಾಕು. ಇನ್ನೊಂದು ಸಾಲು ಬೇಕಾದರೆ ಅದಕ್ಕೆ ಬೇರೆಯೇ ರೆಸಿಸ್ಟರ್ ಹಾಕಿ. ಎಲ್ಲಾ ಸಾಲಿಗೆ ಒಂದನ್ನೇ ಹಂಚಿದರೆ ಯಾವುದೋ ಒಂದು ಸಾಲು ಜಾಸ್ತಿ ಕರೆಂಟ್ ಎಳೆದು ಮೊದಲು ಹೋಗುತ್ತದೆ.

ಮೇಲೆ ಒಬ್ಬರು "ಬಟನ್ ಸೆಲ್‌ಗೆ ನೇರ ಕೊಟ್ಟಿದ್ದೆ, ಏನೂ ಆಗಲಿಲ್ಲ" ಎಂದಿದ್ದಾರಲ್ಲ, ಅವರು ಕಂಡದ್ದು ಸರಿಯೇ. ಆ ಸೆಲ್ಲಿನ ಒಳಗಿನ ಅಡ್ಡಿಯೇ ರೆಸಿಸ್ಟರ್ ಕೆಲಸ ಮಾಡಿಬಿಡುತ್ತದೆ. ಈ ದೊಡ್ಡ ಬ್ಯಾಟರಿಗೆ ಅಂಥ ತಡೆ ಇಲ್ಲ, ಕೇಳಿದಷ್ಟೂ ಕೊಟ್ಟುಬಿಡುತ್ತದೆ. "12 ವೋಲ್ಟ್ ಅಂದ್ರೆ ಯಾವುದೋ ಒಂದು ಕಿಲೋಓಮ್ ಹಾಕಿ" ಎಂದವರ ಮಾತು ಸುರಕ್ಷಿತ, ಆದರೆ ಬ್ಯಾಟರಿ 12ರಲ್ಲಿರುವಾಗ ಮೂರು ಎಲ್ಇಡಿಗೆ 3 ಮಿಲಿಆಂಪ್ ಕೂಡ ಸಿಗದೆ ಮಿಣುಕು ಬೆಳಕಷ್ಟೇ.

ಕಾರವಾರದಿಂದ ಬೋಟಿನ ದೀಪದ ಬಗ್ಗೆ ಕೇಳಿದ ಅಣ್ಣ, ನಿಮ್ಮದು ಇದೇ ಲೆಕ್ಕದಲ್ಲಿ ಮುಗಿಯುತ್ತದೆಯೋ ಗೊತ್ತಿಲ್ಲ. ಎಂಜಿನ್ ಓಡುವಾಗ ವೋಲ್ಟೇಜ್ ಎಷ್ಟು ಕುಣಿಯುತ್ತದೆ ಅಂತ ಮೀಟರ್ ಹಿಡಿದು ಬರೆಯಿರಿ. ರೆಸಿಸ್ಟರ್ ಸಾಕೋ, ವೋಲ್ಟೇಜ್ ಕುಣಿದರೂ ಕರೆಂಟನ್ನು ಒಂದೇ ಸಮ ಇಡುವ ಡ್ರೈವರ್ ಬೋರ್ಡೇ ಬೇಕೋ ಆಮೇಲೆ ನೋಡೋಣ.