ಒಂದೇ ಹಲ್ಲು ಕಪ್ಪಾದರೆ

ಹೆಸರು, ಊರು ಬದಲಿಸಿ ಬರೆಯುತ್ತಿದ್ದೇನೆ. ಸುಮಾಗೆ 25 ವರ್ಷ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದು ಬೂದು ಬಣ್ಣ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಅಭ್ಯಾಸವೇ ಆಗಿಬಿಟ್ಟಿದೆ. ಆರು ತಿಂಗಳಲ್ಲಿ ಮದುವೆ. ಒಂದು ಕ್ಲಿನಿಕ್ಕಿನಲ್ಲಿ ಮುಂದಿನ ನಾಲ್ಕು ಹಲ್ಲನ್ನೂ ತೇಯ್ದು ಕ್ಯಾಪ್ ಹಾಕೋಣ ಎಂದಿದ್ದರಂತೆ. ಅದಕ್ಕೆ ಹೆದರಿ, ನಾನು ವಾರಕ್ಕೆರಡು ದಿನ ಸಲಹೆ ಹೇಳಲು ಕೂರುವ ಹಲ್ಲಿನ ಆಸ್ಪತ್ರೆಗೆ ತಾಯಿ, ಮಗಳು ಬಂದಿದ್ದರು.

ಮಗಳಿಗಿಂತ ತಾಯಿಯೇ ಜಾಸ್ತಿ ಅತ್ತರು. “ಇವಳಿಗೆ ಹತ್ತು ವರ್ಷ ಇದ್ದಾಗ ಟೈಫಾಯ್ಡ್ ಬಂದಿತ್ತು ಮೇಡಂ. ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದೆ. ಹಲ್ಲು ಕೆಡಿಸಿದ್ದು ನಾನೇ.”

ಈ ಅಪರಾಧಿ ಭಾವವನ್ನು ಸಮಾಧಾನದ ಮಾತಿನಿಂದ ಇಳಿಸಬೇಕಾಗಿರಲಿಲ್ಲ. ವಿಷಯ ಹೇಳಿದರೆ ಸಾಕಿತ್ತು. ಮಕ್ಕಳ ಹಲ್ಲಿಗೆ ಒಳಗಿಂದ ಬಣ್ಣ ಹಿಡಿಸುವುದರಲ್ಲಿ ಹೆಸರಾದ ಔಷಧಿ ಟೆಟ್ರಾಸೈಕ್ಲಿನ್. ಹಲ್ಲು ದವಡೆಯೊಳಗೆ ಗಟ್ಟಿಯಾಗುತ್ತಿರುವಾಗ ಅದು ಕ್ಯಾಲ್ಸಿಯಂ ಜೊತೆ ಕೂಡಿಕೊಂಡು ಅಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಅದನ್ನು ಕೊಡಬಾರದು ಎನ್ನುವುದು. ಮುಂದಿನ ಹಲ್ಲಿನ ಕಾಣುವ ಭಾಗ ನಾಲ್ಕೈದು ವರ್ಷಕ್ಕೇ ದವಡೆಯೊಳಗೆ ತಯಾರಾಗಿರುತ್ತದೆ. ಹತ್ತನೇ ವರ್ಷದ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಇನ್ನೊಂದು ಗುರುತೂ ಇದೆ. ಔಷಧಿಯ ಕಲೆ ಒಂದೇ ಹಲ್ಲಿಗೆ ಬರುವುದಿಲ್ಲ. ಆಗ ಬೆಳೆಯುತ್ತಿದ್ದ ಹಲ್ಲುಗಳಿಗೆಲ್ಲ, ಎಡಬಲ ಎರಡೂ ಕಡೆ, ಎಷ್ಟೋ ಸಲ ಅಡ್ಡಪಟ್ಟಿಯಾಗಿ ಬರುತ್ತದೆ.

“ಒಂದೇ ಹಲ್ಲು ಅಂದರೆ ಪೆಟ್ಟು ಬಿದ್ದಿರಬೇಕು, ಅಲ್ವಾ?” ಎಂದು ಕೇಳಿದೆ. ತಾಯಿ ಇಲ್ಲವೆಂದು ತಲೆ ಆಡಿಸಿದರು. ಸುಮಾ ಮೆಲ್ಲಗೆ ಹೇಳಿದಳು: “ಐದನೇ ಕ್ಲಾಸಲ್ಲಿ ಖೋಖೋ ಆಡುವಾಗ ಬಿದ್ದಿದ್ದೆ. ಬಯ್ತಾರೆ ಅಂತ ಮನೆಯಲ್ಲಿ ಹೇಳಿರಲಿಲ್ಲ.”

ಪೆಟ್ಟು ಬಿದ್ದಾಗ ಹಲ್ಲಿನೊಳಗೆ ರಕ್ತ ಒಸರುತ್ತದೆ. ಅದರ ಕಬ್ಬಿಣದಂಶ ಹಲ್ಲಿನ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು ಬೂದು ಬಣ್ಣ ಬರುತ್ತದೆ. ಒಳಗಿನ ನರ ನೋವೇ ಇಲ್ಲದೆ ಸತ್ತಿರಲೂಬಹುದು. ಬಣ್ಣ ಬೂದಲ್ಲ, ಹಳದಿ ಅಂದರೆ ಕತೆ ಬೇರೆ. ನರ ಬದುಕಿದ್ದು, ಒಳಗಿನ ಜಾಗ ಗಟ್ಟಿಯಾಗಿ ತುಂಬಿಕೊಂಡಿರುತ್ತದೆ. ಅಂಥ ಹಲ್ಲಿಗೆ ಸೋಂಕಿನ ಗುರುತಿಲ್ಲದೆ ಸುಮ್ನೆ ರೂಟ್ ಕೆನಾಲ್ ಮಾಡಬೇಕಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ: ಬಣ್ಣದ ಮಾತು ಆಮೇಲೆ, ಹಲ್ಲಿಗೆ ಜೀವ ಇದೆಯಾ ಅಂತ ಮೊದಲು ನೋಡಿಸಿ. ನಮ್ಮ ವೈದ್ಯರು ತಣ್ಣನೆಯ ಹತ್ತಿ ಇಟ್ಟು ನೋಡಿದರು. ಪಕ್ಕದ ಹಲ್ಲು ಜುಮ್ಮೆಂದಿತು, ಇದಕ್ಕೆ ಏನೂ ಗೊತ್ತಾಗಲಿಲ್ಲ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಡಲೆಕಾಳಿನಷ್ಟು ಕಪ್ಪು ನೆರಳು. ಕ್ಯಾಪ್ ಹಾಕಿ ಮುಚ್ಚಿದ್ದರೆ ಆ ಸೋಂಕು ಒಳಗೇ ಬೆಳೆಯುತ್ತಿತ್ತು.

ರೂಟ್ ಕೆನಾಲ್ ಆದಮೇಲೆ ಸುಮಾ ಮತ್ತೆ ಬಂದಳು. ಈಗಲಾದರೂ ಕ್ಯಾಪ್ ಬೇಕೇ ಎನ್ನುವುದು ಅವಳ ಪ್ರಶ್ನೆ. ಹಲ್ಲು ಒಡೆದಿರಲಿಲ್ಲ, ಹುಳುಕೂ ಇರಲಿಲ್ಲ. ಒಳಗಿಂದ ಬ್ಲೀಚ್ ಮಾಡಿ ನೋಡೋಣ ಎಂದರು ವೈದ್ಯರು. ರೂಟ್ ಕೆನಾಲ್ ತುಂಬಿದ ಜಾಗದ ಮೇಲೆ 2 ಮಿಲಿಮೀಟರ್ ದಪ್ಪ ಸಿಮೆಂಟ್ ಹಾಕಿ, ಅದರ ಮೇಲೆ ಸೋಡಿಯಂ ಪರ್ಬೊರೇಟ್ ಪುಡಿಯನ್ನು ನೀರಲ್ಲಿ ಕಲಸಿ ಹಲ್ಲಿನೊಳಗೆ ಇಟ್ಟು ಮುಚ್ಚುತ್ತಾರೆ. ವಾರಕ್ಕೊಮ್ಮೆ ತೆಗೆದು ಹೊಸದು ಇಡುತ್ತಾರೆ. ಸುಮಾಗೆ ಮೂರು ಸಲ ಇಟ್ಟರು.

ಅಪಾಯವನ್ನೂ ಅವಳಿಗೆ ಮುಚ್ಚಿಡಲಿಲ್ಲ. ಸಿಮೆಂಟಿನ ತಡೆ ಸರಿಯಿಲ್ಲದೆ ರಾಸಾಯನಿಕ ಸೋರಿದರೆ, ವಸಡಿನ ಹತ್ತಿರ ಬೇರನ್ನು ದೇಹವೇ ಒಳಗೊಳಗೇ ಸವೆಸಲು ಶುರುಮಾಡಬಹುದು. ಬಾಲ್ಯದಲ್ಲಿ ಪೆಟ್ಟು ಬಿದ್ದ ಹಲ್ಲಿಗೆ ಈ ಭಯ ಜಾಸ್ತಿ. ಅದಕ್ಕೇ ಕಡುವಾದ ಪೆರಾಕ್ಸೈಡ್, ಬಿಸಿ ಎರಡನ್ನೂ ಬಳಸಲಿಲ್ಲ. ವರ್ಷಕ್ಕೊಮ್ಮೆ ಎಕ್ಸ್‌ರೇ ತಪ್ಪಿಸಬೇಡ ಎಂದು ಎರಡು ಸಲ ಹೇಳಿದೆ. ಬಣ್ಣ ಕೆಲವು ವರ್ಷಕ್ಕೆ ಸ್ವಲ್ಪ ಮರಳಬಹುದು ಎಂದೂ ಹೇಳಿದೆ.

ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಅಂದರೆ ವೆನೀರ್, ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬ್ಲೀಚ್‌ಗೆ ಬಗ್ಗದ ಕಲೆಗೆ ಅದೇ ದಾರಿ. ಆದರೆ ಅದಕ್ಕೆ ಹಲ್ಲಿನ ಮೇಲ್ಪದರ ತೇಯಬೇಕು, ತೇಯ್ದದ್ದು ಮತ್ತೆ ಬರುವುದಿಲ್ಲ. 25ಕ್ಕೆ ಹಾಕಿಸಿಕೊಂಡರೆ ಜೀವಮಾನದಲ್ಲಿ ಕೆಲವು ಸಲ ಬದಲಿಸಬೇಕಾಗುತ್ತದೆ. ತೆಳು ವೆನೀರ್ ಹಿಂದಿನಿಂದ ಬೂದು ಬಣ್ಣ ಇಣುಕುವುದೂ ಉಂಟು. ಹಾಗಾಗಿ ಹಾಕುವುದಿದ್ದರೂ ಮೊದಲು ಬ್ಲೀಚ್ ಮಾಡಿದರೆ ಒಳ್ಳೆಯದು.

ಕೊನೆಯ ಸಲ ಪುಡಿ ತೆಗೆದಮೇಲೆ ಎರಡು ವಾರ ಕಾದು, ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬಿದರು. ಬ್ಲೀಚ್ ಆದ ಕೂಡಲೇ ತುಂಬಿದರೆ ಅದು ಗಟ್ಟಿಯಾಗಿ ಅಂಟುವುದಿಲ್ಲ. ಹಾಗಾಗಿ ಮದುವೆಯ ಹಿಂದಿನ ವಾರ ಇಂಥದ್ದಕ್ಕೆ ಹೊರಡಬಾರದು, ಎರಡು ಮೂರು ತಿಂಗಳಾದರೂ ಕೈಯಲ್ಲಿರಬೇಕು.

ಮದುವೆಯಾಗಿ ಒಂದು ವರ್ಷದ ಮೇಲೆ ಎಕ್ಸ್‌ರೇಗೆ ಬಂದಿದ್ದಳು. ಬೇರಿನ ತುದಿಯ ನೆರಳು ಕುಗ್ಗಿತ್ತು. ಆ ಹಲ್ಲು ಪಕ್ಕದ್ದಕ್ಕಿಂತ ಒಂದು ಎಳೆ ಹಳದಿ. ನನಗೆ ಕಂಡಿತು, ಹೇಳಲಿಲ್ಲ. ಜೊತೆಗೆ ಬಂದಿದ್ದ ತಾಯಿ ಮಾತ್ರ ಇನ್ನೂ ಬಯ್ಯುತ್ತಲೇ ಇದ್ದರು, ಬಿದ್ದಿದ್ದನ್ನು ಹದಿನೈದು ವರ್ಷ ಮುಚ್ಚಿಟ್ಟಳು ಎಂದು.